ವಿಶ್ರಾಂತಿಗೆ ಬಗ್ಗದ ದಣಿವು

ಡಿಮೆನ್ಷಿಯಾ ಇರುವ ತಾಯಿಯನ್ನೋ ತಂದೆಯನ್ನೋ ನೋಡಿಕೊಳ್ಳುವ ಮನೆಗಳಲ್ಲಿ ‘ದಣಿವು’ ಎಂಬ ಒಂದೇ ಪದ ಎರಡು ಬೇರೆ ಬೇರೆ ಸ್ಥಿತಿಗಳಿಗೆ ಬಳಕೆಯಾಗುತ್ತದೆ. ಮೊದಲನೆಯದು ವಿಶ್ರಾಂತಿ ಸಿಕ್ಕರೆ ಇಳಿಯುವ ದಣಿವು. ಎರಡನೆಯದು ವಿಶ್ರಾಂತಿ ಸಿಕ್ಕರೂ ಇಳಿಯುವುದಿಲ್ಲ. ಮೊದಲನೆಯದಕ್ಕೆ ಬೇಕಾದದ್ದು ನಿದ್ದೆ ಮತ್ತು ಕೈಗೆ ಕೈ ಜೋಡಿಸುವವರು. ಎರಡನೆಯದು ಖಿನ್ನತೆ, ಅದಕ್ಕೆ ವೈದ್ಯರೂ ಬೇಕು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಒಳಗಿರುವವರಿಗೂ ಎಷ್ಟೋ ಸಲ ಹಾಗೆಯೇ. ಇವೆರಡರ ನಡುವಿನ ಗೆರೆ ನಮ್ಮ ಮನೆಯಲ್ಲಿ ಹೇಗೆ ಕಣ್ಣಿಗೆ ಬಿತ್ತೆಂಬುದನ್ನು ಇಲ್ಲಿ ಬರೆಯುತ್ತಿದ್ದೇವೆ.

‘ನಾವು’ ಎಂದರೆ ಇಬ್ಬರು ಅಕ್ಕತಂಗಿಯರು. ಹಿರಿಯಳು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕೆಲಸ ಮಾಡುವವಳು. ಅವಳಿಗೆ ಸಿಕ್ಕ ಅಂಟಾಪ್ ಹಿಲ್‌ನ ಸರ್ಕಾರಿ ವಸತಿಗೃಹವೇ ನಮ್ಮ ಮನೆ. ಅವಳ ಗಂಡ ವರ್ಗವಾಗಿ ನಾಗಪುರದಲ್ಲಿದ್ದಾರೆ. ಕಿರಿಯಳು ಮದುವೆಯಾಗಿಲ್ಲ, ಮನೆಯಲ್ಲಿಯೇ ಒಂಬತ್ತು, ಹತ್ತನೆಯ ತರಗತಿಯ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಿದ್ದಳು. ಅವ್ವನಿಗೆ ಈಗ 78 ವರ್ಷ. ಧಾರವಾಡದ ಪ್ರಾಥಮಿಕ ಶಾಲೆಯಲ್ಲಿ 30 ವರ್ಷ ಪಾಠ ಹೇಳಿದವಳು, ಅಪ್ಪ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದಳು. ನಾಲ್ಕು ವರ್ಷಗಳ ಹಿಂದೆ ಅವಳಿಗೆ ಅಲ್ಝೈಮರ್ ಕಾಯಿಲೆಯೆಂದು ಖಚಿತವಾಯಿತು. ಖಿನ್ನತೆ ಬಂದದ್ದು ನಮ್ಮಿಬ್ಬರಲ್ಲಿ ಕಿರಿಯಳಿಗೆ. ಈ ಬರಹವನ್ನು ಇಬ್ಬರೂ ಕೂತು ಓದಿ, ಇಬ್ಬರೂ ಒಪ್ಪಿದ ಮೇಲೆಯೇ ಕಳಿಸುತ್ತಿದ್ದೇವೆ.

ಈ ಆರೈಕೆಯ ಕೆಲಸ ಎಂಥದೆಂದು ಮೊದಲು ಹೇಳಬೇಕು. ನ್ಯಾನ್ಸಿ ಮೇಸ್ ಮತ್ತು ಪೀಟರ್ ರಾಬಿನ್ಸ್ ಎಂಬಿಬ್ಬರು 1981ರಲ್ಲಿ ಡಿಮೆನ್ಷಿಯಾ ಕುಟುಂಬಗಳಿಗಾಗಿ ಬರೆದ ಪುಸ್ತಕದ ಹೆಸರೇ ‘ಮೂವತ್ತಾರು ಗಂಟೆಗಳ ದಿನ’ ಎಂದಿದೆ. ಆ ಹೆಸರಿನ ಅರ್ಥ ನಮಗೆ ಆಯಿತೆಂದರೆ ಅದು ಸ್ನಾನ ಮಾಡಿಸುವುದರಿಂದಾಗಲಿ ಬಟ್ಟೆ ಬದಲಿಸುವುದರಿಂದಾಗಲಿ ಅಲ್ಲ. ಅವು ಕೈಕೆಲಸಗಳು, ಮುಗಿದರೆ ಮುಗಿದವು. ಮುಗಿಯದೆ ಉಳಿಯುವುದು ಕಾವಲು. ಅವ್ವ ಯಾವ ಗಳಿಗೆಯಲ್ಲಿ ಬಾಗಿಲ ಚಿಲಕ ತೆಗೆಯುತ್ತಾಳೆ, ಗ್ಯಾಸ್ ಒಲೆಯ ಗುಂಡಿ ತಿರುವುತ್ತಾಳೆ, ಬಚ್ಚಲಿನಲ್ಲಿ ಕಾಲು ಜಾರುತ್ತಾಳೆ ಎಂಬುದನ್ನು ಮನಸ್ಸಿನ ಒಂದು ಭಾಗ ಸದಾ ಕೇಳಿಸಿಕೊಳ್ಳುತ್ತಲೇ ಇರಬೇಕು. ಸಂಜೆ ಐದೂವರೆಯಾಯಿತೆಂದರೆ ಅವಳ ತಳಮಳ ಏರುತ್ತದೆ. ಡಿಮೆನ್ಷಿಯಾ ಇರುವ ಅನೇಕರಲ್ಲಿ ಹೊತ್ತು ಮುಳುಗುವಾಗ ಗಲಿಬಿಲಿ ಹೆಚ್ಚುವುದು ವೈದ್ಯರಿಗೆಲ್ಲ ಗೊತ್ತಿರುವ ಸಂಗತಿ. “ಹೊತ್ತಾತು, ಮನೀಗೆ ಹೋಗೂಣ ನಡಿ” ಎಂದು ಅವ್ವ ಸೆರಗು ಸರಿಮಾಡಿಕೊಂಡು ನಿಲ್ಲುತ್ತಾಳೆ. “ಇದೇ ನಮ್ಮ ಮನಿ ಅವ್ವಾ” ಎಂದರೆ, ಸುಳ್ಳು ಹೇಳಿದ ವಿದ್ಯಾರ್ಥಿಯನ್ನು ನೋಡುವಂತೆ ನೋಡುತ್ತಾಳೆ. ರಾತ್ರಿ ಎರಡು ಮೂರು ಸಲ ಏಳುತ್ತಾಳೆ. ಅವಳ ಪಕ್ಕದಲ್ಲಿ ಮಲಗುವವರೂ ಅಷ್ಟೇ ಸಲ ಏಳುತ್ತಾರೆ.

ಪರರಾಜ್ಯದಲ್ಲಿರುವ ಕನ್ನಡದ ಮನೆಗಳಿಗೆ ಇದರ ಮೇಲೆ ಇನ್ನೊಂದು ಹೊರೆ ಬೀಳುತ್ತದೆ. ಡಿಮೆನ್ಷಿಯಾ ಮುಂದುವರಿದಂತೆ, ದೊಡ್ಡವರಾದ ಮೇಲೆ ಕಲಿತ ಭಾಷೆಗಳು ಸಾಮಾನ್ಯವಾಗಿ ಮೊದಲು ಸಡಿಲಗೊಳ್ಳುತ್ತವೆ. ಎಳವೆಯ ಭಾಷೆ ಹೆಚ್ಚು ಕಾಲ ಉಳಿಯುತ್ತದೆ. ಅವ್ವ ಮುಂಬಯಿಗೆ ಬಂದ ಮೇಲೆ ತರಕಾರಿಯವನೊಂದಿಗೆ ಚೌಕಾಸಿ ಮಾಡುವಷ್ಟು ಹಿಂದಿ, ಪಕ್ಕದ ಮನೆಯವರೊಂದಿಗೆ ಹರಟುವಷ್ಟು ಮರಾಠಿ ಕಲಿತಿದ್ದಳು. ಕಾಯಿಲೆಯ ಎರಡನೆಯ ವರ್ಷದಲ್ಲಿ ಎರಡೂ ಹೋದವು. ಬ್ಯೂರೋದವರ ಮೂಲಕ ಹಗಲಿನ 12 ಗಂಟೆಗೆ ಒಬ್ಬ ಮಾವಶಿಯನ್ನು ಗೊತ್ತುಮಾಡಿಕೊಂಡೆವು. ರತ್ನಾಗಿರಿ ಕಡೆಯ, ಕೆಲಸ ಬಲ್ಲ, ತಾಳ್ಮೆಯ ಹೆಂಗಸು. ಆದರೆ ಆಕೆ ಮರಾಠಿಯಲ್ಲಿ ಹೇಳಿದ್ದು ಅವ್ವನಿಗೆ ತಿಳಿಯದು, ಅವ್ವ ಕನ್ನಡದಲ್ಲಿ ಕೇಳಿದ್ದು ಆಕೆಗೆ ತಿಳಿಯದು. ಹೀಗಾಗಿ ಮಾವಶಿ ಬಂದ ಮೇಲೂ ಕಿರಿಯಳು ಆ ಕೋಣೆಯಿಂದ ಈ ಕೋಣೆಗೆ ದುಭಾಷಿಯಂತೆ ಓಡಾಡಬೇಕಾಯಿತು. ಕೈಕೆಲಸಕ್ಕೆ ಮಾತ್ರ ಸಹಾಯ ಬಂದಿತ್ತು. ಕಾವಲು ಇದ್ದಲ್ಲಿಯೇ ಇತ್ತು. ಟ್ಯೂಷನ್ ಒಂದೊಂದಾಗಿ ನಿಂತುಹೋಯಿತು.

ಹಿರಿಯಳು ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿದವಳು. ಸಾಹಿತ್ಯದಲ್ಲಿ ವಿಷಾದವೆಂಬುದು ಮಾತುಗಾರ. ಹ್ಯಾಮ್ಲೆಟ್ಟನಿಗೆ ಅದು ಪುಟಗಟ್ಟಲೆ ಸ್ವಗತಗಳನ್ನೇ ಕೊಟ್ಟಿದೆ. ಮನೆಯಲ್ಲಿ ಕಾಣಿಸಿಕೊಂಡದ್ದಕ್ಕೆ ಮಾತು ಇರಲಿಲ್ಲ, ಕಣ್ಣೀರೂ ಇರಲಿಲ್ಲ. ಅದು ಬಂದದ್ದು ಹಾಲಿನ ಲೆಕ್ಕದ ರೂಪದಲ್ಲಿ. ಹತ್ತನೆಯ ತರಗತಿಗೆ ಗಣಿತ ಹೇಳುವವಳು ತಿಂಗಳ ಹಾಲಿನ ಚೀಟಿಯನ್ನು ಮೂರು ಸಲ ಕೂಡಿಸಿ ಮೂರು ಬೇರೆ ಮೊತ್ತ ಬರೆದಿದ್ದಳು. ತರಕಾರಿ ಏನು ತರಬೇಕೆಂದು ಕೇಳಿದರೆ “ಏನಾರ ತಗೊಂಡ್ ಬಾ” ಎನ್ನುವುದು ರೂಢಿಯಾಯಿತು. ಆರಿಸುವುದೇ ಅವಳಿಗೆ ಭಾರವಾಗಿತ್ತು. ದಿನವೂ ಬಿಡಿಸುತ್ತಿದ್ದ ಪದಬಂಧದ ಚೌಕಗಳು ಖಾಲಿಯಾಗಿಯೇ ರದ್ದಿಗೆ ಹೋಗತೊಡಗಿದವು. ಗೆಳತಿಯರ ಫೋನು ಬಂದರೆ ರಿಂಗಾಗಿ ನಿಲ್ಲುವವರೆಗೂ ಅದನ್ನು ನೋಡುತ್ತ ಕೂರುವಳು. ತಲೆನೋವು, ಹೊಟ್ಟೆಯಲ್ಲಿ ಉರಿ, ಬೆನ್ನುಸೆಳೆತ ಹೀಗೆ ಒಂದಿಲ್ಲೊಂದು ದೂರು. ನಮ್ಮ ಜನರಲ್ಲಿ ಖಿನ್ನತೆ ಹಲವು ಸಲ ಮೈಯ ನೋವಾಗಿಯೇ ವೈದ್ಯರ ಬಾಗಿಲಿಗೆ ಬರುತ್ತದೆ. ಮನಸ್ಸು ಸರಿಯಿಲ್ಲ ಎನ್ನುವುದಕ್ಕಿಂತ ಹೊಟ್ಟೆ ಸರಿಯಿಲ್ಲ ಎನ್ನುವುದು ನಮಗೆ ಸುಲಭ.

ಇದರ ಜೊತೆಗೆ ಸಿಡುಕು. ಅವ್ವ ಅದೇ ಪ್ರಶ್ನೆಯನ್ನು ಹತ್ತನೆಯ ಸಲ ಕೇಳಿದಾಗ ಯಾರಿಗಾದರೂ ಸಿಟ್ಟು ಬರುತ್ತದೆ, ಐದು ನಿಮಿಷದಲ್ಲಿ ಇಳಿಯುತ್ತದೆ. ಕಿರಿಯಳ ಸಿಡುಕು ಇಳಿಯುತ್ತಿರಲಿಲ್ಲ. ಇಳಿದರೆ ಅದರ ಜಾಗಕ್ಕೆ ತನ್ನ ಮೇಲಿನ ಹೇವರಿಕೆ ಬರುತ್ತಿತ್ತು. “ನಾ ಎಂಥಾ ಮಗಳs?” ಎಂದು ಇಡೀ ಸಂಜೆ ಒಂದೇ ಮಾತನ್ನು ಮೆಲುಕು ಹಾಕುವಳು.

ಇವನ್ನೆಲ್ಲ ಒಂದೊಂದಾಗಿ ನೋಡಿದರೆ ದಣಿವಿನಿಂದಲೂ ಆಗಬಹುದಾದವುಗಳೇ. ನಿದ್ದೆಗೆಟ್ಟವರ ಲೆಕ್ಕ ತಪ್ಪುತ್ತದೆ, ಸಿಡುಕು ಬರುತ್ತದೆ, ಬೆನ್ನು ನೋಯುತ್ತದೆ. ನಮಗೆ ಅನುಮಾನ ಹುಟ್ಟಿಸಿದ್ದು ನಿದ್ದೆಯದೇ ಒಂದು ವಿವರ. ವೈದ್ಯರು ಅವ್ವನ ಔಷಧಿ ಬದಲಿಸಿದ ಮೇಲೆ ಕೆಲವು ರಾತ್ರಿ ಅವಳು ಐದು ಗಂಟೆಯವರೆಗೆ ಏಳದೆ ಮಲಗತೊಡಗಿದಳು. ಅಂಥ ರಾತ್ರಿಗಳಲ್ಲಿಯೂ ಕಿರಿಯಳಿಗೆ ಮೂರೂವರೆ, ನಾಲ್ಕಕ್ಕೆ ಎಚ್ಚರವಾಗುತ್ತಿತ್ತು, ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ಬರೀ ನಿದ್ದೆಯ ಬಾಕಿ ಇದ್ದವರು ಅವಕಾಶ ಸಿಕ್ಕಾಗ ಕಲ್ಲಿನಂತೆ ಮಲಗುತ್ತಾರೆ. ಅವಕಾಶ ಸಿಕ್ಕರೂ ನಸುಕಿಗೆ ಮೊದಲೇ ಎಚ್ಚರಗೊಂಡು, ಎದೆಯಲ್ಲಿ ಭಾರ ಇಟ್ಟುಕೊಂಡು ಬೆಳಗಿಗೆ ಕಾಯುವುದು ಖಿನ್ನತೆಯ ಹಳೆಯ ಗುರುತು.

ಅದೇ ದೀಪಾವಳಿಗೆ ಹುಬ್ಬಳ್ಳಿಯಿಂದ ಅಣ್ಣ ಬಂದ. ಅವ್ವನನ್ನು ಅವನಲ್ಲಿಗೆ ಕರೆದೊಯ್ಯುವುದಕ್ಕಿಂತ ಅವನೇ ಇಲ್ಲಿಗೆ ಬರುವುದು ಲೇಸೆಂದು ವೈದ್ಯರು ಹೇಳಿದ್ದರು. ಇಂಥ ರೋಗಿಗಳಿಗೆ ಜಾಗ ಬದಲಾದರೆ ಗೊಂದಲ ಹೆಚ್ಚುತ್ತದೆ. “ನೀ ಹೋಗಿ ಬಾ ತಂಗಿ, ಅವ್ವನ್ನ ನಾ ನೋಡ್ಕೋತೀನಿ” ಎಂದು ಅಣ್ಣ ಕಿರಿಯಳನ್ನು ಪುಣೆಗೆ, ಚಿಕ್ಕಮ್ಮನ ಮಗಳ ಮನೆಗೆ ಕಳಿಸಿದ. ಒಂಬತ್ತು ದಿನಗಳ ಬಿಡುವು. ಮೊದಲ ಎರಡು ದಿನ ಅವಳು ಬರೀ ಮಲಗಿದ್ದಳು; ಅದನ್ನು ಎಲ್ಲರೂ ನಿರೀಕ್ಷಿಸಿದ್ದೆವು. ಬಿಡುವಿನ ಆರಂಭದಲ್ಲಿ ಅಪರಾಧಿಭಾವವೂ ಕಾಡುತ್ತದೆ, ಮನೆಗೆ ಹತ್ತು ಸಲ ಫೋನು ಮಾಡುತ್ತಾರೆ, ಇದೂ ಸಹಜವೇ. ನೋಡಬೇಕಾದದ್ದು ಮೂರು ನಾಲ್ಕು ರಾತ್ರಿಗಳ ನಂತರದ ಸ್ಥಿತಿಯನ್ನು. ಅಷ್ಟರಲ್ಲಿ ದಣಿವು ತುಸುವಾದರೂ ಸಡಿಲಾಗಿ, ಹಳೆಯ ರುಚಿಗಳು ಚೂರುಪಾರು ಮರಳುತ್ತವೆ. ಬಜ್ಜಿ ತಿನ್ನಬೇಕೆನಿಸುತ್ತದೆ, ಯಾರದೋ ಮಾತಿಗೆ ನಗು ಬರುತ್ತದೆ, ಅಂಗಡಿಯ ಮುಂದೆ ಕಾಲು ನಿಲ್ಲುತ್ತದೆ.

ಐದನೆಯ ದಿನ ಚಿಕ್ಕಮ್ಮನ ಮಗಳು ಹಿರಿಯಳಿಗೆ ಫೋನು ಮಾಡಿದಳು. ಜೋಳದ ರೊಟ್ಟಿ, ಎಣ್ಣಿಗಾಯಿ ಮಾಡಿದ್ದಳಂತೆ. ಅದು ಕಿರಿಯಳಿಗೆ ಪ್ರಾಣ. “ಛಲೋ ಆಗೇದ” ಎಂದು ಒಂದೇ ರೊಟ್ಟಿ ಮುಗಿಸಿ ಎದ್ದಳಂತೆ. ದಿನವೂ ನಸುಕಿನ ನಾಲ್ಕಕ್ಕೆ ಬಾಲ್ಕನಿಯಲ್ಲಿ ಕೂತಿರುತ್ತಾಳಂತೆ. ಯಾವುದಕ್ಕೂ ಬೇಡ ಎನ್ನುವುದಿಲ್ಲ, ಬೇಕೂ ಎನ್ನುವುದಿಲ್ಲ. ಹೊರೆ 120 ಕಿಲೋಮೀಟರಿಗಿಂತ ಹೆಚ್ಚು ದೂರದಲ್ಲಿತ್ತು. ಭಾರ ಮಾತ್ರ ಅವಳ ಜೊತೆಗೇ ಹೋಗಿತ್ತು. ನಮ್ಮ ಮನೆಯಲ್ಲಿ ಗೆರೆ ಸ್ಪಷ್ಟವಾದದ್ದು ಅಂದು.

ತಿರುಗಿ ಬಂದ ಮೇಲೆ ಒಂದು ರಾತ್ರಿ ಅವಳು ಹೇಳಿದಳು: “ಅವ್ವನೂ ನಾನೂ ಕೂಡೇ ಮಲಗಿ, ಮುಂಜಾನೆ ಏಳದಿದ್ರ ಛಲೋ ಅಕ್ಕಾ.” ಈ ಮಾತಿನಲ್ಲಿ ಎರಡು ಭಾಗಗಳಿವೆ, ಅವನ್ನು ಬಿಡಿಸಿ ನೋಡಬೇಕು. ‘ಅವ್ವನಿಗೆ ಬೇಗ ಬಿಡುಗಡೆಯಾಗಲಿ’ ಎಂಬ ಯೋಚನೆ ದೀರ್ಘ ಆರೈಕೆಯ ಮನೆಗಳಲ್ಲಿ ಬಹಳ ಜನರಿಗೆ ಬರುತ್ತದೆ. ಅದನ್ನು ಹೇಳಿಕೊಳ್ಳುವವರು ಕಡಿಮೆ. ಅದು ಪ್ರೀತಿಯ ಕೊರತೆಯೂ ಅಲ್ಲ, ಕಾಯಿಲೆಯೂ ಅಲ್ಲ. ಕಣ್ಣೆದುರೇ ಇದ್ದೂ ಇಲ್ಲವಾಗುತ್ತಿರುವ ವ್ಯಕ್ತಿಗಾಗಿ ಮುಂಚಿತವಾಗಿಯೇ ಆರಂಭವಾದ ಶೋಕ ಅದು. ಆದರೆ ಆ ಬಯಕೆಯೊಳಗೆ ಹೇಳುವವರು ತಮ್ಮನ್ನೂ ಸೇರಿಸಿಕೊಂಡರೆ ಸಂಗತಿ ಬೇರೆಯಾಗುತ್ತದೆ. ಹಿರಿಯಳು ಸುತ್ತಿಬಳಸದೆ ಕೇಳಿದಳು: “ಸಾಯಬೇಕು ಅನಸ್ತದೇನು? ಹೆಂಗ ಅಂತ ಏನರ ವಿಚಾರ ಮಾಡೀಯೇನು?” ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಯಲ್ಲಿ ಬಿತ್ತಿದಂತಾಗುವುದಿಲ್ಲ, ಕೇಳಿಸಿಕೊಂಡವರಿಗೆ ಬಹುಪಾಲು ಹಗುರವೇ ಆಗುತ್ತದೆ. ಉತ್ತರದಲ್ಲಿ ವಿಧಾನದ ಯೋಚನೆ ಇದ್ದರೆ ಅವರನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಕಿರಿಯಳು “ಇಲ್ಲ, ಹಂಗೇನಿಲ್ಲ, ಬರೇ ಸಾಕಾಗೇದ” ಎಂದಳು. ಆದರೂ ಅವ್ವನ ಮಾತ್ರೆಗಳ ಡಬ್ಬಿ ಅಂದಿನಿಂದ ಬೀಗದ ಕಪಾಟಿಗೆ ಹೋಯಿತು.

ಮರುದಿನ ಇಬ್ಬರೂ ಕೂತು ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿಯನ್ನು ತುಂಬಿದೆವು. ಅದರ ಕನ್ನಡ ರೂಪವೂ ಇದೆ. ಒಂಬತ್ತು ಪ್ರಶ್ನೆಗಳು, ಎಲ್ಲವೂ ಕಳೆದ ಎರಡು ವಾರಗಳ ಬಗ್ಗೆಯೇ. ಇಲ್ಲವೇ ಇಲ್ಲ ಎಂದರೆ 0, ಕೆಲವು ದಿನ ಎಂದರೆ 1, ಅರ್ಧಕ್ಕಿಂತ ಹೆಚ್ಚು ದಿನ ಎಂದರೆ 2, ಹೆಚ್ಚುಕಡಿಮೆ ದಿನವೂ ಎಂದರೆ 3. ಒಟ್ಟು 27. ಮೊತ್ತ 10 ಅಥವಾ ಹೆಚ್ಚಾದರೆ ವೈದ್ಯರು ನೋಡಬೇಕಾದ ಮಟ್ಟ. ಕಿರಿಯಳು ಬರೆದದ್ದು ಹೀಗಿತ್ತು: ಯಾವುದರಲ್ಲಿಯೂ ಆಸಕ್ತಿಯಿಲ್ಲ 2, ಮನಸ್ಸು ಕುಗ್ಗಿದೆ 1, ನಿದ್ದೆಯ ತೊಂದರೆ 3, ದಣಿವು 3, ಊಟದಲ್ಲಿ ಏರುಪೇರು 1, ತನ್ನ ಬಗ್ಗೆ ಕೀಳುಭಾವನೆ 2, ಗಮನ ನಿಲ್ಲುವುದಿಲ್ಲ 1, ಚಲನೆ ಮಾತುಗಳಲ್ಲಿ ನಿಧಾನ ಅಥವಾ ಚಡಪಡಿಕೆ 0, ಸಾವಿನ ಯೋಚನೆ 1. ಮೊತ್ತ 14.

ಈ ಮೊತ್ತವನ್ನು ಓದುವಾಗ ಆರೈಕೆಯ ಮನೆಯಲ್ಲಿ ಒಂದು ಎಚ್ಚರ ಬೇಕು. ನಿದ್ದೆ ಮತ್ತು ದಣಿವಿನ 3, 3 ಅಂಕಗಳು ಅವ್ವನ ರಾತ್ರಿಗಳಿಂದಲೂ ಬಂದಿರಬಹುದು. ಹಿರಿಯಳೂ ಆ ಎರಡಕ್ಕೆ 2, 2 ಬರೆದಿದ್ದಳು. ಆದ್ದರಿಂದ ಹೊರೆಯಿಂದ ವಿವರಿಸಲಾಗದ ಸಾಲುಗಳನ್ನು ಬೇರೆಯಾಗಿ ನೋಡಬೇಕು: ಆಸಕ್ತಿ, ತನ್ನ ಬಗೆಗಿನ ಕೀಳುಭಾವನೆ, ಸಾವಿನ ಯೋಚನೆ. ಹಿರಿಯಳಿಗೆ ಈ ಮೂರರಲ್ಲಿಯೂ 0, ಕಿರಿಯಳಿಗೆ ಒಟ್ಟು 5. ಕೊನೆಯ ಪ್ರಶ್ನೆಗೆ 1 ಬಂದರೂ, ಉಳಿದ ಮೊತ್ತ ಎಷ್ಟೇ ಕಡಿಮೆಯಿದ್ದರೂ, ಅದನ್ನು ವೈದ್ಯರ ಮುಂದೆ ಹೇಳಲೇಬೇಕು. ಅಂಕಿ ಕಾಯಿಲೆಯನ್ನು ತೀರ್ಮಾನಿಸುವುದಿಲ್ಲ. ಜ್ವರಮಾಪಕದಂತೆ ಅದು ಬಿಸಿ ಇದೆ ಎನ್ನುತ್ತದೆ, ಯಾವ ಜ್ವರ ಎಂಬುದನ್ನು ವೈದ್ಯರೇ ಹೇಳಬೇಕು.

ಹೊರೆಯನ್ನು ಅಳೆಯಲು ಬೇರೆಯದೇ ಮಾಪಕವಿದೆ. ಸ್ಟೀವನ್ ಝಾರಿಟ್ ಎಂಬ ಸಂಶೋಧಕರ ಹೆಸರಿನದು, 22 ಪ್ರಶ್ನೆಗಳದು, ಒಟ್ಟು 88 ಅಂಕಗಳದು. ಅದರಲ್ಲಿ ನಮ್ಮಿಬ್ಬರ ಅಂಕಗಳು ಹತ್ತಿರ ಹತ್ತಿರವೇ ಇದ್ದವು: ಕಿರಿಯಳಿಗೆ 46, ಹಿರಿಯಳಿಗೆ 41. ಹೊರೆ ಹೆಚ್ಚುಕಡಿಮೆ ಒಂದೇ ಇದ್ದರೂ ಕಾಯಿಲೆ ಒಬ್ಬಳಿಗೆ ಮಾತ್ರ ಬಂದಿತ್ತು. ಹಿರಿಯಳಿಗೆ ಕಚೇರಿಯ ಎಂಟು ಗಂಟೆ ಬೇರೊಂದು ಲೋಕವಿತ್ತು, ಲೋಕಲ್ ಟ್ರೇನಿನ ಗೆಳತಿಯರಿದ್ದರು, ಕೈಯಲ್ಲಿ ಸಂಬಳವಿತ್ತು. ಕಿರಿಯಳಿಗೆ ಮಕ್ಕಳೂ ಹೋಗಿ, ಗಣಿತವೂ ಹೋಗಿ, ನಾಲ್ಕು ಗೋಡೆಯೊಳಗಿನ ಕಾವಲಷ್ಟೇ ಉಳಿದಿತ್ತು. “ನನಗೂ ಅಷ್ಟೇ ಕೆಲಸ ಇದೆ, ನಾನು ಗಟ್ಟಿಯಾಗಿಲ್ಲವೇ?” ಎಂದು ಯಾರಾದರೂ ಹೇಳಿದರೆ ಆ ಮಾತಿಗೆ ಅರ್ಥವಿಲ್ಲ ಎಂಬುದಕ್ಕೆ ನಮ್ಮ ಈ ಎರಡು ಹಾಳೆಗಳೇ ಸಾಕ್ಷಿ.

ಸಾರ್ವಜನಿಕ ಆಸ್ಪತ್ರೆಯೊಂದರ ಮನೋರೋಗ ವಿಭಾಗದ ಹೊರರೋಗಿ ಚೀಟಿ ಮಾಡಿಸಿದೆವು. ವೈದ್ಯೆ ಮೊದಲು ಬರೆದದ್ದು ರಕ್ತಪರೀಕ್ಷೆ: ಹಿಮೋಗ್ಲೋಬಿನ್, ಥೈರಾಯ್ಡ್, ಬಿ12. ಥೈರಾಯ್ಡ್ ಕುಗ್ಗಿದರೂ, ರಕ್ತಹೀನತೆಯಾದರೂ ಮನುಷ್ಯ ಇದೇ ತೆರನಾಗಿ ಮಂಕಾಗಬಲ್ಲ. ನಲವತ್ತರ ಆಚೆಯ ಹೆಂಗಸರಲ್ಲಿ ಇವನ್ನು ನೋಡದೆ ಮುಂದುವರಿಯಬಾರದೆಂದರು. ಅವಳ ಹಿಮೋಗ್ಲೋಬಿನ್ ತುಸು ಕಡಿಮೆಯಿತ್ತು, ಕಬ್ಬಿಣದ ಮಾತ್ರೆ ಬಂತು; ಉಳಿದವು ಸರಿಯಿದ್ದವು. ಬಳಿಕ ಖಿನ್ನತೆಯ ಔಷಧಿ. ಅದರ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಮೊದಲ ವಾರ ಹೊಟ್ಟೆ ತೊಳಸಬಹುದು, ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು, ತಾನಾಗಿ ಥಟ್ಟನೆ ನಿಲ್ಲಿಸಬಾರದು ಎಂದು ಬಿಡಿಸಿ ಹೇಳಿದರು. ನಿದ್ದೆ ಮಾತ್ರೆ ಕೇಳಿದಾಗ ಕೊಡಲಿಲ್ಲ. ರಾತ್ರಿ ತಾಯಿಗಾಗಿ ಏಳಬೇಕಾದವರು ಅಮಲಿನಲ್ಲಿ ಎದ್ದರೆ ಇಬ್ಬರೂ ಬೀಳುತ್ತಾರೆಂಬುದು ಅವರ ಕಾರಣ.

ಅವರು ಕೊಟ್ಟ ಇನ್ನೊಂದು ಸಲಹೆ ಔಷಧಿಯಷ್ಟೇ ಕೆಲಸ ಮಾಡಿತು. ವಾರದಲ್ಲಿ ಎರಡು ಸಲ, ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಅವಳು ಮನೆಯಿಂದ ಹೊರಗೆ ಹೋಗಬೇಕು, ಮನಸ್ಸು ಬಂದರೂ ಸರಿ ಬಾರದಿದ್ದರೂ ಸರಿ. ಖಿನ್ನತೆಯಲ್ಲಿ ಮನಸ್ಸು ಬರಲಿ ಎಂದು ಕಾದರೆ ಅದು ಬರುವುದಿಲ್ಲ. ಮೊದಲು ಕೆಲಸ, ಅದರ ಹಿಂದೆ ಮನಸ್ಸು ನಿಧಾನವಾಗಿ ಬರುತ್ತದೆ. ಕಿರಿಯಳು ಆರಿಸಿದ್ದು ಗಣಿತವನ್ನೇ. ಬುಧವಾರ ಮತ್ತು ಶನಿವಾರ ಮಧ್ಯಾಹ್ನ ಪಕ್ಕದ ಕಟ್ಟಡದ ಮನೆಯೊಂದರಲ್ಲಿ ನಾಲ್ಕು ಮಕ್ಕಳಿಗೆ ಪಾಠ.

ಶನಿವಾರ ಕಚೇರಿಗೆ ರಜೆ, ಆದ್ದರಿಂದ ಸುಲಭ. ಬುಧವಾರಕ್ಕೆ ಲೆಕ್ಕ ಹಾಕಬೇಕಾಯಿತು. ಕೇಂದ್ರದ ಮಹಿಳಾ ನೌಕರರಿಗೆ ಮಕ್ಕಳ ಆರೈಕೆಗೆಂದು ಇಡೀ ಸೇವಾವಧಿಯಲ್ಲಿ 730 ದಿನಗಳ ರಜೆಯಿದೆ. ತಂದೆತಾಯಿಯ ಆರೈಕೆಗೆಂದು ಬೇರೆ ರಜೆಯಿಲ್ಲ. ವರ್ಷದ 30 ಗಳಿಕೆ ರಜೆ, 20 ಅರ್ಧವೇತನ ರಜೆ, 8 ಸಾಂದರ್ಭಿಕ ರಜೆಗಳಲ್ಲಿಯೇ ಹೊಂದಿಸಿಕೊಳ್ಳಬೇಕು. ಸಾಂದರ್ಭಿಕ ರಜೆಯನ್ನು ಅರ್ಧ ದಿನವಾಗಿ ಪಡೆಯಬಹುದು, ಅಂದರೆ 16 ಮಧ್ಯಾಹ್ನಗಳು. ತಿಂಗಳಿಗೆ ಒಂದು ಬುಧವಾರ ಹಿರಿಯಳೇ ಮನೆಯಲ್ಲಿರುವುದು, ಮಿಕ್ಕವು ತುರ್ತಿಗೆ ಉಳಿಕೆ, ಉಳಿದ ಬುಧವಾರ ಮಾವಶಿಯೊಬ್ಬಳೇ ನೋಡಿಕೊಳ್ಳುವುದು ಎಂದು ಗೊತ್ತುಮಾಡಿದೆವು.

ಅದಕ್ಕಾಗಿ ಭಾಷೆಯ ಗೋಡೆಯಲ್ಲಿ ಒಂದು ಕಿಂಡಿ ತೆಗೆಯಬೇಕಿತ್ತು. ಅವ್ವನ ದಿನಕ್ಕೆ ಸಾಕಾಗುವ ಇಪ್ಪತ್ತು ಕನ್ನಡ ಮಾತುಗಳನ್ನು ದೇವನಾಗರಿ ಲಿಪಿಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆವು. ನೀರು ಬೇಕೇನ್ರಿ, ಊಟ ಮಾಡ್ರಿ, ಬಚ್ಚಲಕ್ಕ ಹೋಗೂಣೇನು, ನೋಯ್ತದೇನು, ಇಲ್ಲೇ ಕೂಡ್ರಿ. ಅವ್ವ ಆಡುವ ಹತ್ತು ಮಾತುಗಳ ಅರ್ಥವನ್ನೂ ಪಕ್ಕದಲ್ಲಿ ಬರೆದೆವು. “ಮನೀಗೆ ಹೋಗೂಣ” ಎಂದಾಗ ವಾದಿಸದೆ “ನಡೀರಿ” ಎಂದು ಚಪ್ಪಲಿ ಹಾಕಿಸಿ, ಕಟ್ಟಡದ ಅಂಗಳದಲ್ಲಿ ಒಂದು ಸುತ್ತು ಹಾಕಿಸಿ ಕರೆತರಬೇಕೆಂದು ತೋರಿಸಿಕೊಟ್ಟೆವು. ತಿರುಗಿ ಬಾಗಿಲಿಗೆ ಬಂದಾಗ ಹಲವು ಸಲ ಅವ್ವನಿಗೆ ಅದೇ ಮನೆಯಾಗಿರುತ್ತದೆ. ಸಂಜೆ ಐದಕ್ಕೇ ಎಲ್ಲ ದೀಪ ಹಾಕುವುದರಿಂದ ತಳಮಳವೂ ಒಂದಿಷ್ಟು ತಗ್ಗಿತು. ಮೂರು ವಾರಗಳಲ್ಲಿ ಮಾವಶಿಯ ಬಾಯಲ್ಲಿ ಧಾರವಾಡ ಬಂದಿತ್ತು. ರಾತ್ರಿಗಳನ್ನೂ ಹಂಚಿಕೊಂಡೆವು: ಶುಕ್ರವಾರ, ಶನಿವಾರ ಅವ್ವನ ಪಕ್ಕ ಹಿರಿಯಳು, ಆ ಎರಡು ರಾತ್ರಿ ಕಿರಿಯಳು ಇನ್ನೊಂದು ಕೋಣೆಯಲ್ಲಿ, ಬಾಗಿಲು ಮುಚ್ಚಿ.

ಇಷ್ಟರಿಂದ ಹೊರೆ ಇಳಿಯಿತೇ ಎಂದರೆ ಹೆಚ್ಚೇನೂ ಇಳಿಯಲಿಲ್ಲ. ಎಂಟು ವಾರಗಳ ಮೇಲೆ ಕಿರಿಯಳ ಹೊರೆಯ ಅಂಕ 46ರಿಂದ 43ಕ್ಕೆ ಬಂದಿತ್ತು. ಆದರೆ ಖಿನ್ನತೆಯ ಅಂಕ 14ರಿಂದ 6ಕ್ಕೆ ಇಳಿದಿತ್ತು, ಕೊನೆಯ ಸಾಲಿನಲ್ಲಿ 0 ಇತ್ತು. ನಮ್ಮ ಒಂದು ಮನೆಯ ಅನುಭವದ ಮೇಲೆ ಇದನ್ನು ಹೇಳುತ್ತಿಲ್ಲ. ಗೋವಾದಲ್ಲಿ 81 ಕುಟುಂಬಗಳೊಂದಿಗೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಅಲ್ಲಿ ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರು ಆರು ತಿಂಗಳ ಕಾಲ ಮನೆಗಳಿಗೆ ಹೋಗಿ, ರೋಗವೇನೆಂದು ವಿವರಿಸಿ, ಅದರ ತೊಂದರೆಗಳನ್ನು ನಿಭಾಯಿಸುವ ಬಗೆ ತಿಳಿಸಿದರು. ನೋಡಿಕೊಳ್ಳುವವರ ಮಾನಸಿಕ ಆರೋಗ್ಯ ಗಮನಾರ್ಹವಾಗಿ ಸುಧಾರಿಸಿತು. ಝಾರಿಟ್ ಮಾಪಕದ ಹೊರೆಯಲ್ಲಿ ಮಾತ್ರ ಖಚಿತವೆನ್ನಬಹುದಾದ ಇಳಿಕೆ ಕಾಣಲಿಲ್ಲ. ಹೊರೆ ಹೋಗುವವರೆಗೂ ಮನಸ್ಸು ಸರಿಯಾಗದು ಎಂಬ ನಂಬಿಕೆಗೆ ಆಧಾರವಿಲ್ಲ. ಆ ನಂಬಿಕೆಯಲ್ಲಿ ಒಂದು ಕ್ರೌರ್ಯವೂ ಅಡಗಿದೆ. ಏಕೆಂದರೆ ಈ ಕಾಯಿಲೆಯಲ್ಲಿ ಹೊರೆ ಹೋಗುವುದೆಂದರೆ ಅವ್ವ ಹೋಗುವುದು ಎಂದೇ ಅರ್ಥ.

ಮಿತಿಗಳೂ ಇವೆ. ಅವ್ವ ಈಗ ನಮ್ಮ ಹೆಸರುಗಳನ್ನು ಹೇಳುವುದಿಲ್ಲ, ಮುಂದೆ ಇನ್ನೂ ಕುಸಿಯುತ್ತಾಳೆ. ಆ ದುಃಖಕ್ಕೆ ಮಾತ್ರೆಯಿಲ್ಲ, ಇರಬೇಕಾಗಿಯೂ ಇಲ್ಲ. ದುಃಖ ಅಲೆಯಂತೆ ಬಂದು ಹೋಗುತ್ತದೆ, ನಡುನಡುವೆ ನಗುವುದಕ್ಕೂ ಜಾಗ ಬಿಡುತ್ತದೆ. ಖಿನ್ನತೆ ಎರಡು ವಾರವಾದರೂ ಆ ಜಾಗ ಬಿಡುವುದಿಲ್ಲ. ಕಿರಿಯಳು ಈಗಲೂ ಅಳುತ್ತಾಳೆ. ಅತ್ತ ಮೇಲೆ ಪದಬಂಧ ಬಿಡಿಸುತ್ತಾಳೆ.

ನಮ್ಮಂತೆ ಹೊರನಾಡಿನಲ್ಲಿ, ಮನಸ್ಸಿನ ಮಾತನ್ನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಹೇಳಲಾರದವರಿಗೆ ತಿಳಿದಿರಬೇಕಾದ ಒಂದು ಸಂಖ್ಯೆ 14416. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿ ಅದು. ಹಗಲಿರುಳೂ ಇರುತ್ತದೆ, ಕನ್ನಡದಲ್ಲಿಯೂ ಮಾತಾಡಬಹುದು. ಡಿಮೆನ್ಷಿಯಾ ಕುಟುಂಬಗಳಿಗಾಗಿ 1992ರಿಂದ ಕೆಲಸ ಮಾಡುತ್ತಿರುವ ಎಆರ್‌ಡಿಎಸ್‌ಐ ಸಂಸ್ಥೆಗೆ ಹಲವು ನಗರಗಳಲ್ಲಿ ಶಾಖೆಗಳಿವೆ.

ಈಗ ಪ್ರತಿ ತಿಂಗಳ ಮೊದಲ ಭಾನುವಾರ ನಾವಿಬ್ಬರೂ ಆ ಒಂಬತ್ತು ಪ್ರಶ್ನೆಗಳ ಹಾಳೆ ತುಂಬುತ್ತೇವೆ. ಒಬ್ಬರ ಹಾಳೆಯನ್ನು ಇನ್ನೊಬ್ಬರು ಕೂಡಿಸುವುದೆಂದು ನಿಯಮ. ತನ್ನದನ್ನು ತಾನೇ ಕೂಡಿಸುವವಳು ಒಂದೆರಡು ಅಂಕ ಇಳಿಸಿಬಿಡುತ್ತಾಳೆ. ಹಾಳೆಗಳು ಗ್ಯಾಸ್ ಪುಸ್ತಕದ ಜೊತೆ ಅದೇ ಡ್ರಾಯರಿನಲ್ಲಿರುತ್ತವೆ. ಕಳೆದ ತಿಂಗಳು ಕಿರಿಯಳದು 4 ಬಂತು. ಹಿರಿಯಳದು 8, ಆಸಕ್ತಿಯ ಸಾಲಿನಲ್ಲಿ ಮೊದಲ ಬಾರಿಗೆ 1. “ಅಕ್ಕಾ, ಈ ಎರಡು ಶನಿವಾರ ರಾತ್ರಿ ಅವ್ವನ ಹಂತ್ಯಾಕ ನಾ ಮಲಗ್ತೀನಿ, ನೀ ಒಳಗ ಮಲಗು” ಎಂದು ಕಿರಿಯಳು ಹೇಳಿ, ಕ್ಯಾಲೆಂಡರಿನಲ್ಲಿ ಎರಡು ವಾರದ ಆಚೆಯ ಭಾನುವಾರಕ್ಕೆ ಪೆನ್ಸಿಲಿನಿಂದ ಗುರುತು ಹಾಕಿದಳು.